ಇಂಟೀರಿಯರ್ ಕೆಲಸ ಮುಗಿದ ಮೇಲೆ ಗ್ರಾಹಕರ ಅಭಿಪ್ರಾಯ ಕೇಳುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್, ಟಿವಿ ಯೂನಿಟ್ ಮಾಡಿಕೊಡುವ ಸಣ್ಣ ತಂಡಗಳಿಗೆ ಈ ಪುಟ. ಇಬ್ಬರು ಮೂವರು ಕಾರ್ಪೆಂಟರ್‌ಗಳನ್ನು ಇಟ್ಟುಕೊಂಡು ಕೆಲಸ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಟ್ಟಿದ್ದೇವೆ. ಇಲ್ಲಿ 'ಅಭಿಪ್ರಾಯ' ಎಂದರೆ ಗ್ರಾಹಕರು ನಿಮಗೆ ಮಾತ್ರ ಹೇಳುವುದು. 'ಪ್ರಶಂಸೆ' ಅಥವಾ 'ರಿವ್ಯೂ' ಎಂದರೆ ನಾಲ್ಕು ಜನರ ಮುಂದೆ ಹೇಳುವುದು. ಎರಡನ್ನೂ ಒಂದೇ ಮೆಸೇಜಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಎರಡೂ ಸಿಗುವುದಿಲ್ಲ. ಈ ಪುಟದ ಹೆಚ್ಚಿನ ಉತ್ತರಗಳು ಇದೇ ಮಾತಿನ ಮೇಲೆ ನಿಂತಿವೆ.

## ಯಾವಾಗ, ಯಾರನ್ನು

ಕೆಲಸ ಮುಗಿಸಿ ಕ್ಲೀನಿಂಗ್ ಮಾಡಿಸಿ ಒಪ್ಪಿಸಿದ ದಿನವೇ ಕೇಳಿಬಿಡೋದು ಒಳ್ಳೇದಲ್ವಾ? ಆಗಲೇ ಅಲ್ವಾ ಖುಷಿಯಾಗಿರೋದು?

ಖುಷಿ ಇರುತ್ತದೆ, ಆದರೆ ಹೇಳುವುದಕ್ಕೆ ಏನೂ ಇರುವುದಿಲ್ಲ. ಆ ದಿನ ಡ್ರಾಯರ್‌ಗಳು ಖಾಲಿ, ಶಟರ್‌ಗಳ ಮೇಲೆ ಇನ್ನೂ ಪ್ಲಾಸ್ಟಿಕ್ ಹಾಳೆ. ಹೆಚ್ಚೆಂದರೆ ಬಣ್ಣ, ಫಿನಿಶಿಂಗ್ ಬಗ್ಗೆ ಒಂದು ಮಾತು ಬರಬಹುದು.

ಕಿಚನ್ ನಿಜವಾಗಿ ಪರೀಕ್ಷೆಗೆ ಬೀಳುವುದು ಪಾತ್ರೆ ತುಂಬಿ, ದಿನಕ್ಕೆ ಮೂರು ಹೊತ್ತು ತೆಗೆದು ಮುಚ್ಚಲು ಶುರುವಾದ ಮೇಲೆ. ಮೊದಲ ಎರಡು ಮೂರು ವಾರದಲ್ಲಿ ಶಟರ್‌ನ ಭಾರಕ್ಕೆ ಹಿಂಜ್‌ಗಳು ಸ್ವಲ್ಪ ಕೂರುತ್ತವೆ, ಎರಡು ಬಾಗಿಲ ನಡುವಿನ ಸಂದು ಮೇಲೊಂದು ಅಳತೆ, ಕೆಳಗೊಂದು ಅಳತೆ ಆಗುತ್ತದೆ. ಸ್ಟೀಲ್ ಪಾತ್ರೆ ತುಂಬಿದ ಡ್ರಾಯರ್ ಕೊನೆಯ ಒಂದಿಂಚು ಮುಚ್ಚದೆ ನಿಲ್ಲಬಹುದು. ಸಿಂಕ್ ಸುತ್ತಲಿನ ಸಿಲಿಕಾನ್ ಎಲ್ಲಾದರೂ ಬಿಟ್ಟುಕೊಂಡಿದ್ದರೆ ಕೆಳಗಿನ ಕ್ಯಾಬಿನೆಟ್‌ನಲ್ಲಿ ತೇವ ಕಾಣುತ್ತದೆ. ಒಪ್ಪಿಸಿದ ದಿನ ರಿವ್ಯೂ ಬರೆಸಿಕೊಂಡು, ಹದಿನೈದನೇ ದಿನಕ್ಕೆ ಡ್ರಾಯರ್ ಸಿಕ್ಕಿಕೊಂಡರೆ ಗ್ರಾಹಕರಿಗೆ ಆತುರದಲ್ಲಿ ಬರೆಸಿಕೊಂಡರು ಅನ್ನಿಸುತ್ತದೆ. ರಿವ್ಯೂವನ್ನು ಅವರು ಯಾವಾಗ ಬೇಕಾದರೂ ತಿದ್ದಬಹುದು ಎಂಬುದೂ ನೆನಪಿರಲಿ.

ನಾವು ಹೇಳುವ ಕ್ರಮ ಇದು. ಒಪ್ಪಿಸುವಾಗಲೇ "ಮೂರು ವಾರ ಬಿಟ್ಟು ಒಂದು ಸಲ ಹಿಂಜ್, ಚಾನೆಲ್ ಎಲ್ಲಾ ಟೈಟ್ ಮಾಡೋಕೆ ಬರ್ತೀವಿ" ಎಂದು ಹೇಳಿ, ದಿನಾಂಕ ಗುರುತು ಹಾಕಿಕೊಳ್ಳಿ. ಆ ಭೇಟಿಗೆ ಎರಡು ದಿನ ಮೊದಲು ಅಭಿಪ್ರಾಯ ಕೇಳಿ. ಭೇಟಿ ಮುಗಿದು ಎಲ್ಲ ಸರಿಯಾದ ಮಾರನೇ ದಿನ ರಿವ್ಯೂ ಕೇಳಿ. ಮಳೆಗಾಲಕ್ಕೆ ಮುಂಚೆ ಒಪ್ಪಿಸಿದ ಕೆಲಸವಾದರೆ, ಅದರಲ್ಲೂ ಮಲೆನಾಡು, ಕರಾವಳಿ ಕಡೆ, ಮರದ ಬಾಗಿಲುಗಳು ತೇವಕ್ಕೆ ಉಬ್ಬಿ ಉಜ್ಜುತ್ತಿವೆಯಾ ಎಂದು ಜುಲೈ ಆಗಸ್ಟ್‌ನಲ್ಲಿ ಇನ್ನೊಂದು ಸಲ ವಿಚಾರಿಸುವುದು ಒಳ್ಳೆಯದು. ಆ ಸಲ ರಿವ್ಯೂ ಮಾತು ಎತ್ತಬೇಡಿ.

ಕೊನೇ ಕಂತು ಇನ್ನೂ ಬಂದಿಲ್ಲ. ಈಗ ಕೇಳಬಹುದಾ?

ಅಭಿಪ್ರಾಯ ಕೇಳಬಹುದು, ಕೇಳಲೇಬೇಕು. ಹಣ ನಿಲ್ಲುವುದಕ್ಕೆ ಎಷ್ಟೋ ಸಲ ಯಾವುದೋ ಸಣ್ಣ ಕೆಲಸ ಬಾಕಿ ಇರುವುದೇ ಕಾರಣ, ಅದು ನಿಮಗೆ ಗೊತ್ತಿರುವುದಿಲ್ಲ. ರಿವ್ಯೂ ಮಾತ್ರ ಲೆಕ್ಕ ಚುಕ್ತಾ ಆದ ಮೇಲೆಯೇ. ಬಿಲ್ಲಿನ ಮೆಸೇಜಿನಡಿ ರಿವ್ಯೂ ಲಿಂಕ್ ಅಂಟಿಸಿದರೆ ಒಂದಕ್ಕೊಂದು ಬದಲು ಕೇಳಿದ ಹಾಗೆ ಕಾಣುತ್ತದೆ.

ದುಡ್ಡು ಕೊಟ್ಟಿದ್ದು ಯಜಮಾನರು, ಅಡುಗೆ ಮಾಡೋದು ಮನೆಯವರು. ಯಾರಿಗೆ ಮೆಸೇಜ್ ಹಾಕಲಿ?

ಬಳಸುವವರಿಗೆ. ಕೊಟೇಶನ್, ಅಡ್ವಾನ್ಸ್, ಬಿಲ್ಲು ಎಲ್ಲಾ ಒಬ್ಬರ ಜೊತೆ ನಡೆದಿರುತ್ತದೆ, ಹಾಗಾಗಿ ಅವರಿಗೇ ಮೆಸೇಜ್ ಹೋಗುತ್ತದೆ. ಅವರು "ಆಲ್ ಗುಡ್" ಅಂತ ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತಾರೆ. ಮಿಕ್ಸಿ ಇಡುವ ಜಾಗದ ಪ್ಲಗ್ ಪಾಯಿಂಟ್ ಕೈಗೆ ಎಟುಕುತ್ತಿಲ್ಲ ಎಂಬುದು ಅವರಿಗೆ ಗೊತ್ತೇ ಇರುವುದಿಲ್ಲ.

ಆದರೆ ಮನೆಯ ಇನ್ನೊಬ್ಬರ ನಂಬರನ್ನು ಎಲ್ಲಿಂದಲೋ ಹುಡುಕಿ ನೇರವಾಗಿ ಮೆಸೇಜ್ ಮಾಡಬೇಡಿ. ಮಾತಾಡುತ್ತಿದ್ದವರಿಗೇ "ಸರ್, ಅಡುಗೆಮನೆ ಬಗ್ಗೆ ಮೇಡಂ ಅವರ ಹತ್ತಿರ ಒಂದು ವಿಷಯ ಕೇಳಬೇಕಿತ್ತು. ಈ ಮೆಸೇಜ್ ಅವರಿಗೆ ಫಾರ್ವರ್ಡ್ ಮಾಡ್ತೀರಾ?" ಎಂದರೆ ಸಾಕು. ಮನೆಯಲ್ಲಿ ಅಜ್ಜಿಯೋ ಅಮ್ಮನೋ ಅಡುಗೆ ನೋಡಿಕೊಳ್ಳುತ್ತಿದ್ದರೆ ಅವರ ಮಾತು ಇನ್ನೂ ಮುಖ್ಯ. ಮೇಲಿನ ಕ್ಯಾಬಿನೆಟ್‌ನ ಎತ್ತರ ಸರಿಯಿದೆಯೋ ಇಲ್ಲವೋ ನಿಜವಾಗಿ ಹೇಳಬಲ್ಲವರು ಅವರೇ. ಅವರು ವಾಟ್ಸಾಪ್ ನೋಡುವವರಲ್ಲದಿದ್ದರೆ ಹಿಂಜ್ ಸರಿಮಾಡಲು ಹೋದ ದಿನ ಅಲ್ಲೇ ನಿಂತು ಕೇಳಿ.

## ಏನಂತ ಕೇಳುವುದು

ಮೆಸೇಜ್ ಹೇಗೆ ಬರೀಬೇಕು ಅಂತಾನೇ ಗೊತ್ತಾಗಲ್ಲ. ಒಂದು ಮಾದರಿ ಕೊಡ್ತೀರಾ?

ಮೊದಲನೆಯದು ಅಭಿಪ್ರಾಯ ಕೇಳುವ ಮೆಸೇಜ್. ಮೂರು ವಾರದ ಭೇಟಿ ಗುರುವಾರ ಇದೆ ಎಂದುಕೊಳ್ಳಿ. ಮಂಗಳವಾರ ಮಧ್ಯಾಹ್ನ, ಊಟದ ಗಡಿಬಿಡಿ ಮುಗಿದ ಮೇಲೆ ಕಳಿಸಿ:

> ನಮಸ್ಕಾರ ಮೇಡಂ. ಅಡುಗೆಮನೆ ಬಳಸೋಕೆ ಶುರು ಮಾಡಿ ಮೂರು ವಾರ ಆಯ್ತು. ದಿನಾ ತೆಗೆದು ಹಾಕೋವಾಗ ಎಲ್ಲಾದರೂ ಬಿಗಿ ಆಗ್ತಿದೆಯಾ, ಸರಿಯಾಗಿ ಮುಚ್ತಾ ಇಲ್ವಾ? ಟೈಪ್ ಮಾಡೋದು ಬೇಡ, ಒಂದು ವಾಯ್ಸ್ ಮೆಸೇಜ್ ಅಥವಾ ಫೋಟೋ ಕಳಿಸಿದರೆ ಸಾಕು. ಗುರುವಾರ ನಮ್ಮ ಕಾರ್ಪೆಂಟರ್ ಬರುವಾಗ ಅದಕ್ಕೆ ಬೇಕಾದ ಸಾಮಾನು ತರ್ತಾರೆ.

ಇದಕ್ಕೆ ಉತ್ತರ ಬರುವುದಕ್ಕೆ ಕಾರಣಗಳಿವೆ. ಕೇಳಿರುವುದು ಒಂದೇ ವಿಷಯ. "ನಮ್ಮ ಕೆಲಸ ಹೇಗಿತ್ತು?" ಎಂದು ಕೇಳಿದರೆ ಮುಲಾಜಿಗೆ "ಚೆನ್ನಾಗಿದೆ" ಅನ್ನುತ್ತಾರೆ. "ಎಲ್ಲಿ ಬಿಗಿ ಆಗ್ತಿದೆ?" ಎಂದಾಗ ದೂರು ಹೇಳಿದ ಹಾಗಾಗುತ್ತದಲ್ಲ ಎಂಬ ಸಂಕೋಚ ಇರುವುದಿಲ್ಲ, ನೀವೇ ಬಾಗಿಲು ತೆರೆದಿರುತ್ತೀರಿ. ಗುರುವಾರದೊಳಗೆ ಹೇಳಿದರೆ ಅವರಿಗೇ ಅನುಕೂಲ, ಆದ್ದರಿಂದ ಮೆಸೇಜ್ ಮೂಲೆ ಸೇರುವುದಿಲ್ಲ. ಉತ್ತರಿಸುವ ದಾರಿಯೂ ಸುಲಭ: ಹಿಟ್ಟು ಮೆತ್ತಿದ ಕೈಯಲ್ಲಿ ಕನ್ನಡ ಟೈಪ್ ಮಾಡುವುದಕ್ಕಿಂತ ಮೈಕ್ ಒತ್ತಿ ಮಾತಾಡುವುದು ಸಲೀಸು.

ಮೇಡಂ ಹೀಗೆ ಹೇಳುತ್ತಾರೆ ಎಂದುಕೊಳ್ಳಿ: "ಕುಕ್ಕರ್ ಇಡೋ ಕೆಳಗಿನ ಡ್ರಾಯರ್ ಪೂರ್ತಿ ಮುಚ್ತಾ ಇಲ್ಲ, ತಳ್ಳಬೇಕು." ಕಾರ್ಪೆಂಟರ್ ಹೋಗುವ ಮುಂಚೆಯೇ ಎರಡು ಸಾಧ್ಯತೆ ಗೊತ್ತಾಯಿತು. ಎರಡು ಕಡೆಯ ಚಾನೆಲ್ ಸಮಮಟ್ಟದಲ್ಲಿಲ್ಲದೆ ಡ್ರಾಯರ್ ಓರೆಯಾಗಿ ಹೋಗುತ್ತಿರಬಹುದು, ಅದು ಸ್ಕ್ರೂ ಸಡಿಲಿಸಿ ಕೂರಿಸಿದರೆ ಸರಿಹೋಗುತ್ತದೆ. ಇಲ್ಲವೇ ಹಾಕಿರುವ ಚಾನೆಲ್ ತಡೆಯುವುದಕ್ಕಿಂತ ಹೆಚ್ಚು ಭಾರ ಬಿದ್ದಿರಬಹುದು. ಆಗ ಹೆಚ್ಚು ಭಾರ ಹೊರುವ ಒಂದು ಜೊತೆ ಚಾನೆಲ್ ಕೈಯಲ್ಲೇ ಇರಬೇಕು, ಇಲ್ಲದಿದ್ದರೆ ಇನ್ನೊಂದು ದಿನ ಬರಬೇಕಾಗುತ್ತದೆ. ಉತ್ತರ ಬಂದ ತಕ್ಷಣ "ಆಯ್ತು ಮೇಡಂ, ಚಾನೆಲ್ ನೋಡಿಕೊಂಡು ಬರೋಕೆ ಹೇಳಿದೀನಿ" ಎಂದು ಮರುತ್ತರ ಕೊಡಿ. ಹೇಳಿದ್ದು ಮುಟ್ಟಿತು ಎಂದು ತಿಳಿದವರು ಮುಂದಿನ ಮೆಸೇಜಿಗೂ ಉತ್ತರ ಕೊಡುತ್ತಾರೆ.

ಗುರುವಾರ ಡ್ರಾಯರ್ ಸರಿಯಾಯಿತು. ಶುಕ್ರವಾರ ಎರಡನೇ ಮೆಸೇಜ್:

> ಮೇಡಂ, ಡ್ರಾಯರ್ ಈಗ ಸರಿ ಮುಚ್ತಿದೆ ಅಂತ ನಮ್ಮ ಹುಡುಗರು ಹೇಳಿದರು. ಇನ್ನೊಂದು ಸಹಾಯ ಬೇಕಿತ್ತು. ನಮಗೆ ಕೆಲಸ ಕೊಡಬೇಕು ಅಂತಿರೋರು ಮೊದಲು ಮಾಡಿಸಿದವರ ಮಾತನ್ನು ಗೂಗಲ್‌ನಲ್ಲಿ ನೋಡ್ತಾರೆ. ನಿಮ್ಮ ಅನುಭವ ಇದ್ದ ಹಾಗೆ ಎರಡು ಸಾಲು ಬರೀತೀರಾ? ಕನ್ನಡದಲ್ಲೇ ಬರೀಬಹುದು. ಆಗದಿದ್ದರೂ ಪರವಾಗಿಲ್ಲ.

ಕೊನೆಗೆ ಲಿಂಕ್. "ಐದು ಸ್ಟಾರ್ ಕೊಡಿ" ಎಂಬ ಮಾತು ಎಲ್ಲೂ ಬೇಡ. "ಇದ್ದ ಹಾಗೆ" ಎಂಬ ಮಾತು ಇರಲಿ. ಇದು ನಾಲ್ಕಾರು ಮನೆಗೆ ಕಳಿಸುವ ಮೆಸೇಜ್ ಆದ್ದರಿಂದ ವಾಟ್ಸಾಪ್ ಬಿಸಿನೆಸ್ ಆ್ಯಪ್‌ನ ಕ್ವಿಕ್ ರಿಪ್ಲೈನಲ್ಲಿ ಉಳಿಸಿಟ್ಟುಕೊಳ್ಳಿ, `/` ಒತ್ತಿದರೆ ಬರುತ್ತದೆ. ಆದರೆ ಮೊದಲ ಸಾಲನ್ನು ಪ್ರತಿ ಮನೆಗೂ ಹೊಸದಾಗಿ ಬರೆಯಿರಿ. ಅವರ ಡ್ರಾಯರಿನ ಸುದ್ದಿ ಇಲ್ಲದ ಮೆಸೇಜು ಎಲ್ಲರಿಗೂ ಕಳಿಸಿದ್ದು ಎಂದು ಓದಿದ ಕೂಡಲೇ ಗೊತ್ತಾಗುತ್ತದೆ.

ಬರೆದರೂ 'ಸೂಪರ್ ವರ್ಕ್, ಥ್ಯಾಂಕ್ಯೂ' ಅಂತಷ್ಟೇ ಬರೀತಾರೆ. ಅದರಿಂದ ಏನು ಉಪಯೋಗ?

ಓದುವವರಿಗೆ ಹೆಚ್ಚೇನೂ ಇಲ್ಲ, ನಿಜ. ಅವರ ತಪ್ಪಲ್ಲ, ಏನು ಬರೆಯಬೇಕು ಎಂದು ಹೊಳೆಯುವುದಿಲ್ಲ ಅಷ್ಟೆ. ಖಾಲಿ ಪೆಟ್ಟಿಗೆ ಮುಂದಿಟ್ಟರೆ ಯಾರಿಗಾದರೂ ಹಾಗೆಯೇ. ನಿಮ್ಮ ವೆಬ್‌ಸೈಟ್‌ಗೋ ಕ್ಯಾಟಲಾಗ್‌ಗೋ ಪ್ರಶಂಸೆಯ ಮಾತು ಬೇಕಾದಾಗ ಹೀಗೆ ಕೇಳಿ ನೋಡಿ:

- ನಮಗೆ ಕೆಲಸ ಕೊಡೋ ಮುಂಚೆ ಯಾವ ವಿಷಯಕ್ಕೆ ಅನುಮಾನ ಇತ್ತು?
- ಈಗ ದಿನಾ ಬಳಸುವಾಗ ಯಾವುದು ಹೆಚ್ಚು ಅನುಕೂಲ ಅನ್ನಿಸಿದೆ?
- ನಿಮ್ಮ ತಂಗಿ ಮನೆಗೆ ಕಿಚನ್ ಮಾಡಿಸ್ತಾರೆ ಅಂದರೆ ಯಾವುದನ್ನ ಮೊದಲೇ ನೋಡಿಕೋ ಅಂತೀರಿ?

ಮೊದಲ ಪ್ರಶ್ನೆಗೆ ಬರುವ ಉತ್ತರವೇ ಬಹಳ ಬೆಲೆಯುಳ್ಳದ್ದು. "ಹೇಳಿದ ಪ್ಲೈವುಡ್ಡೇ ಹಾಕ್ತಾರಾ ಅಂತ ಅನುಮಾನ ಇತ್ತು, ಶೀಟ್ ಮೇಲಿನ ಸೀಲ್ ತೋರಿಸಿದ ಮೇಲೆ ಹೋಯಿತು" ಎಂಬ ಒಂದು ಸಾಲು ಹತ್ತು "ಸೂಪರ್"ಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಓದುವವರಿಗೂ ಅದೇ ಅನುಮಾನ ಇರುತ್ತದೆ. ಮೂರನೆಯ ಪ್ರಶ್ನೆಯಲ್ಲಿ ನಿಮ್ಮ ಕೊರತೆಗಳು ಹೊರಬರುತ್ತವೆ, ಅದೂ ನೋವಾಗದ ಹಾಗೆ. "ಚಿಮಣಿ ಪಾಯಿಂಟ್ ಎಲ್ಲಿ ಅಂತ ಮೊದಲೇ ತೀರ್ಮಾನ ಮಾಡು ಅಂತೀನಿ" ಎಂದರೆ, ಆ ಮನೆಯಲ್ಲಿ ಚಿಮಣಿಗಾಗಿ ಟೈಲ್ಸ್ ಒಡೆಯಬೇಕಾಯಿತು ಎಂದೇ ಅರ್ಥ.

ಮೂರೂ ಪ್ರಶ್ನೆಗಳನ್ನು ಫೋನಿನಲ್ಲಿ ಐದು ನಿಮಿಷ ಮಾತಾಡುತ್ತಾ ಕೇಳುವುದೇ ಒಳ್ಳೆಯದು. ಗೂಗಲ್ ಫಾರ್ಮ್ ಮಾಡಿ, ಹತ್ತು ಪ್ರಶ್ನೆ, ಐದಕ್ಕೆ ಎಷ್ಟು ಅಂಕ ಎಂದೆಲ್ಲ ಕೇಳುವುದು ವರ್ಷಕ್ಕೆ ನೂರಾರು ಮನೆ ಮಾಡುವ ಕಂಪನಿಗೆ ಸರಿ. ಹತ್ತಿಪ್ಪತ್ತು ಮನೆ ಮಾಡುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ, ತೆರೆದವರೂ ಅರ್ಧಕ್ಕೆ ಬಿಡುತ್ತಾರೆ.

"ನಂಗೆ ಬರೆಯೋಕೆ ಬರಲ್ಲ, ನೀವೇ ಬರ್ಕೊಂಡು ನನ್ನ ಹೆಸರು ಹಾಕ್ಕೊಳ್ಳಿ" ಅಂತಾರೆ. ಹಾಕ್ಕೋಬಹುದಾ?

ನೀವೇ ಕಟ್ಟಿದ ಮಾತಿಗೆ ಅವರ ಹೆಸರು ಹಾಕಬಾರದು, ಅವರು ಒಪ್ಪಿದರೂ ಕೂಡ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ತಪ್ಪುದಾರಿಗೆಳೆಯುವ ಜಾಹೀರಾತು ತಡೆ ಮಾರ್ಗಸೂಚಿಗಳ ಪ್ರಕಾರ, ಜಾಹೀರಾತಿನಲ್ಲಿ ಒಬ್ಬರ ಬೆಂಬಲದ ಮಾತು ಬಳಸಿದರೆ ಅದು ಅವರ ನಿಜವಾದ, ಈಗಿನ ಅಭಿಪ್ರಾಯವಾಗಿರಬೇಕು, ಅನುಭವದ ಮೇಲೆ ನಿಂತಿರಬೇಕು. ಮೇಲಾಗಿ ಕಟ್ಟಿದ ಮಾತು ಕಟ್ಟಿದ ಹಾಗೇ ಕೇಳುತ್ತದೆ. "ಉತ್ಕೃಷ್ಟ ಗುಣಮಟ್ಟ, ಸಮಯಪಾಲನೆ, ವೃತ್ತಿಪರತೆ" ಎಂದು ಯಾವ ಮನೆಯಾಕೆಯೂ ಮಾತಾಡುವುದಿಲ್ಲ.

ಅವರು ಹೇಳಿದ್ದನ್ನು ನೀವು ಬರೆದುಕೊಡಬಹುದು. ವಾಯ್ಸ್ ಮೆಸೇಜ್ ಕೇಳಿ, ಅವರ ಪದಗಳನ್ನೇ ಇಟ್ಟುಕೊಂಡು, ಪುನರಾವರ್ತನೆ ತೆಗೆದು ಮೂರು ನಾಲ್ಕು ವಾಕ್ಯಕ್ಕೆ ಇಳಿಸಿ. ಹೇಳಿದ್ದು ಹೀಗಿತ್ತು ಎಂದುಕೊಳ್ಳಿ: "ಏನಂದ್ರೆ, ಕೆಲಸ ಒಂದು ವಾರ ಲೇಟ್ ಆಯ್ತು, ಅದು ಸ್ವಲ್ಪ ಬೇಜಾರೇ, ಆದ್ರೆ ಕಾರ್ನರ್‌ನಲ್ಲಿ ಮೊದಲು ಬಗ್ಗಿ ಕೈ ಹಾಕಿ ಹುಡುಕಬೇಕಿತ್ತು, ಈಗ ಎಳೆದರೆ ಎಲ್ಲಾ ಹೊರಗೆ ಬರುತ್ತೆ, ಅದು ತುಂಬಾ ಇಷ್ಟ ಆಯ್ತು." ಇದನ್ನು "ಕೆಲಸ ಒಂದು ವಾರ ತಡವಾಯಿತು. ಆದರೆ ಮೊದಲು ಕಾರ್ನರ್‌ನಲ್ಲಿ ಬಗ್ಗಿ ಕೈ ಹಾಕಿ ಹುಡುಕಬೇಕಿತ್ತು, ಈಗ ಎಳೆದರೆ ಎಲ್ಲಾ ಹೊರಗೆ ಬರುತ್ತೆ" ಎಂದು ಮಾಡಬಹುದು. ತಡವಾದ ಮಾತನ್ನು ಕತ್ತರಿಸಬೇಡಿ. ಅದು ಇದ್ದರೇ ಮುಂದಿನ ಮಾತನ್ನು ಜನ ನಂಬುತ್ತಾರೆ. ತಿದ್ದಿದ್ದನ್ನು ಕಳಿಸಿ "ಹೀಗೇ ಹಾಕಬಹುದಾ? ಹೆಸರು ಪೂರ್ತಿ ಬೇಕಾ, ಊರು ಮಾತ್ರ ಸಾಕಾ?" ಎಂದು ಕೇಳಿ. "ಹೂಂ" ಎಂಬ ಒಂದು ಉತ್ತರ ಬಂದರೂ ಆ ಚಾಟನ್ನು ಅಳಿಸದೆ ಇಟ್ಟುಕೊಳ್ಳಿ.

ಗೂಗಲ್ ರಿವ್ಯೂ ವಿಷಯದಲ್ಲಿ ಮಾತ್ರ ಹೀಗೆ ಬರೆದುಕೊಡುವುದೂ ಬೇಡ. ಅವರ ಫೋನು ತೆಗೆದುಕೊಂಡು ನೀವೇ ಟೈಪ್ ಮಾಡುವುದಂತೂ ಬೇಡವೇ ಬೇಡ. ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರ ತಾನೇ ಮೂಡುತ್ತದೆ ಎಂದು ತೋರಿಸಿಕೊಟ್ಟರೆ ಸಾಕು.

ಮೆಸೇಜ್ ಓದಿರ್ತಾರೆ, ನೀಲಿ ಟಿಕ್ ಬಂದಿರುತ್ತೆ, ಉತ್ತರ ಇಲ್ಲ. ಎಷ್ಟು ಸಲ ನೆನಪಿಸಬಹುದು?

ರಿವ್ಯೂಗೆ ಒಂದೇ ಸಲ, ಒಂದು ವಾರ ಬಿಟ್ಟು. ಆಗಲೂ ಲಿಂಕ್ ಮತ್ತೆ ಹಾಕಿ, ಹಳೇ ಮೆಸೇಜ್ ಹುಡುಕಲು ಬಿಡಬೇಡಿ. ಅಷ್ಟಕ್ಕೂ ಬರದಿದ್ದರೆ ಬಿಟ್ಟುಬಿಡಿ.

ಅಭಿಪ್ರಾಯದ ಮೆಸೇಜಿಗೆ ಉತ್ತರ ಬರದಿದ್ದರೆ ಫೋನ್ ಮಾಡಿ. ಅಲ್ಲಿ ಮೌನವೆಂದರೆ ತೃಪ್ತಿ ಎಂದುಕೊಳ್ಳಬೇಡಿ. ಬೇಸರವಾದವರು ಎಷ್ಟೋ ಸಲ ನಿಮಗೆ ಹೇಳದೆ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಹೇಳುತ್ತಾರೆ.

## ಗೂಗಲ್ ರಿವ್ಯೂ

ಗೂಗಲ್‌ನಲ್ಲಿ ನಮ್ಮ ಹೆಸರು ಹುಡುಕಿ ಬರೀರಿ ಅಂದರೆ ಯಾರಿಗೂ ಸಿಗಲ್ಲ. ನೇರ ಲಿಂಕ್ ಎಲ್ಲಿ ಸಿಗುತ್ತೆ?

ನಿಮ್ಮ ಬಿಸಿನೆಸ್ ಪ್ರೊಫೈಲ್ ಇರುವ ಅದೇ ಜಿಮೇಲ್‌ನಿಂದ ಲಾಗಿನ್ ಆಗಿ, ಗೂಗಲ್‌ನಲ್ಲಿ ನಿಮ್ಮ ಅಂಗಡಿ ಹೆಸರು ಹುಡುಕಿ. ಮೇಲೆ ಬರುವ ಆಯ್ಕೆಗಳಲ್ಲಿ `Read reviews` ತೆರೆದರೆ ಅಲ್ಲಿ `Get more reviews` ಕಾಣುತ್ತದೆ. ಅದನ್ನು ಒತ್ತಿದರೆ ಲಿಂಕ್ ಮತ್ತು ಕ್ಯೂಆರ್ ಕೋಡ್ ಎರಡೂ ಸಿಗುತ್ತವೆ. ಲಿಂಕ್ ಸಾಮಾನ್ಯವಾಗಿ ಹೀಗಿರುತ್ತದೆ:

```
https://g.page/r/ನಿಮ್ಮ-ಕೋಡ್/review
```

ಇದನ್ನು ಒತ್ತಿದರೆ ನೇರವಾಗಿ ಸ್ಟಾರ್ ಒತ್ತಿ ಬರೆಯುವ ಪೆಟ್ಟಿಗೆ ತೆರೆಯಬೇಕು. ಯಾರಿಗಾದರೂ ಕಳಿಸುವ ಮುಂಚೆ ಮನೆಯವರ ಫೋನಿನಲ್ಲಿ ಒಮ್ಮೆ ಒತ್ತಿ ನೋಡಿ, ಆದರೆ ಏನೂ ಬರೆಯಬೇಡಿ. ಬರೆಯುವವರಿಗೆ ಗೂಗಲ್ ಖಾತೆ ಇರಬೇಕು. ಬರೆದಿದ್ದು ಸಾಮಾನ್ಯವಾಗಿ ಅವರ ಖಾತೆಯ ಹೆಸರಿನಲ್ಲೇ ಎಲ್ಲರಿಗೂ ಕಾಣುತ್ತದೆ, ಅದನ್ನು ಮೊದಲೇ ಹೇಳಿ. ಕ್ಯೂಆರ್ ಕೋಡನ್ನು ವಾರಂಟಿ ಕಾರ್ಡಿನ ಹಿಂದೆ ಅಚ್ಚು ಹಾಕಿಸಬಹುದು. ಕ್ಯಾಬಿನೆಟ್ ಬಾಗಿಲಿಗೆ ಸ್ಟಿಕ್ಕರ್ ಅಂಟಿಸುವವರಿದ್ದಾರೆ. ಬೇರೆಯವರ ಮನೆಯ ಒಳಗೆ ಅದು ಸಲ್ಲದು.

ಮೊದಲು ಅಭಿಪ್ರಾಯ ಕೇಳಿ, ಖುಷಿಯಾಗಿರೋರಿಗೆ ಮಾತ್ರ ಲಿಂಕ್ ಕಳಿಸಿದರೆ ಜಾಣತನ ಅಲ್ವಾ?

ಗೂಗಲ್ ನಿಯಮದಲ್ಲಿ ಇದಕ್ಕೆ ಅವಕಾಶವಿಲ್ಲ. ಕೆಟ್ಟ ರಿವ್ಯೂ ಬರದಂತೆ ತಡೆಯುವುದನ್ನೂ, ಒಳ್ಳೆಯದನ್ನು ಹೇಳುವವರನ್ನು ಮಾತ್ರ ಆರಿಸಿ ಕೇಳುವುದನ್ನೂ ಅದು ಸ್ಪಷ್ಟವಾಗಿ ನಿಷೇಧಿಸಿದೆ. ಆನ್‌ಲೈನ್ ರಿವ್ಯೂಗಳ ಬಗ್ಗೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ತಂದ ಐಎಸ್ 19000 ಮಾನಕದ ಆಶಯವೂ ಇದೇ: ರಿವ್ಯೂ ಸಂಗ್ರಹಿಸುವಾಗ ಪಕ್ಷಪಾತ ಇರಬಾರದು.

ಇಲ್ಲಿ ಹೇಳಿದ ಎರಡು ಹಂತದ ಕ್ರಮವೂ ಅದೇ ಅಲ್ಲವಾ ಎಂದು ಕೇಳುತ್ತಾರೆ. ಅಲ್ಲ. ಮೊದಲ ಮೆಸೇಜ್ ಇರುವುದು ಡ್ರಾಯರ್ ರಿಪೇರಿಗೆ, ಯಾರನ್ನು ಬಿಡಬೇಕು ಎಂದು ಆರಿಸುವುದಕ್ಕಲ್ಲ. ಎರಡನೇ ಮೆಸೇಜ್ ಎಲ್ಲರಿಗೂ ಹೋಗಬೇಕು, ಜಗಳವಾಡಿದ ಮನೆಗೂ ಹೋಗಬೇಕು. ತಪ್ಪದಿರಲು ಒಂದು ಪುಸ್ತಕದಲ್ಲಿ ಪ್ರತಿ ಮನೆಗೂ ಒಂದು ಸಾಲು ಇಟ್ಟು ಒಪ್ಪಿಸಿದ ದಿನ, ಅಭಿಪ್ರಾಯ ಕೇಳಿದ ದಿನ, ಸರಿಮಾಡಿದ ದಿನ, ಲಿಂಕ್ ಕಳಿಸಿದ ದಿನ ಬರೆದಿಡಿ. ಕೊನೆಯ ಕಲಂ ಯಾವ ಮನೆಗೂ ಖಾಲಿ ಉಳಿಯಬಾರದು.

ರಿವ್ಯೂ ಬರೆದರೆ ಒಂದು ಸರ್ವಿಸ್ ಫ್ರೀ ಅಂತ ಹೇಳಬಹುದಾ? ನಮ್ಮ ಭಾವನ ಮನೆ ಕೆಲಸಾನೂ ಮಾಡಿದ್ದೀವಿ, ಅವರ ಕೈಲಿ ಬರೆಸಬಹುದಾ?

ರಿವ್ಯೂಗೆ ಬದಲಾಗಿ ದುಡ್ಡು, ರಿಯಾಯಿತಿ, ಉಚಿತ ಸೇವೆ ಯಾವುದನ್ನೂ ಕೊಡುವಂತಿಲ್ಲ. ಕೆಟ್ಟ ರಿವ್ಯೂ ತೆಗೆಸಲು ಕೊಡುವುದಕ್ಕೂ ಅದೇ ನಿಯಮ. ಸಿಕ್ಕಿಬಿದ್ದರೆ ಆ ಒಂದು ರಿವ್ಯೂ ಮಾತ್ರ ಹೋಗುವುದಿಲ್ಲ, ಕೆಲವು ಕಾಲ ಹೊಸ ರಿವ್ಯೂ ಬರದಂತೆ ಗೂಗಲ್ ಪ್ರೊಫೈಲನ್ನೇ ತಡೆಹಿಡಿಯಬಹುದು. ಉಚಿತ ಸರ್ವಿಸ್ ಕೊಡುವುದಿದ್ದರೆ ಬರೆದವರಿಗೂ ಬರೆಯದವರಿಗೂ ಕೊಡಿ, ಕೊಟೇಶನ್‌ನಲ್ಲೇ ನಮೂದಿಸಿ.

ನಿಮ್ಮ ಕೆಲಸಗಾರರು, ಪಾಲುದಾರರು ಗೂಗಲ್‌ನಲ್ಲಿ ಬರೆಯುವಂತಿಲ್ಲ. ಭಾವನ ಮನೆ ಗೂಗಲ್ ರಿವ್ಯೂಗೆ ಬೇಡ. ನಿಮ್ಮದೇ ಕ್ಯಾಟಲಾಗಿನಲ್ಲಿ ಆ ಮನೆಯ ಮಾತು ಹಾಕುವುದಾದರೆ ಅವರು ನಿಮ್ಮ ಸಂಬಂಧಿಕರು ಎಂದು ಪಕ್ಕದಲ್ಲೇ ಬರೆಯಿರಿ. ಮೇಲೆ ಹೇಳಿದ 2022ರ ಮಾರ್ಗಸೂಚಿಗಳು ಇಂಥ ಸಂಬಂಧವನ್ನು ಬಹಿರಂಗಪಡಿಸಬೇಕು ಎನ್ನುತ್ತವೆ.

## ಸ್ವಲ್ಪ ಕಷ್ಟದ ಸಂದರ್ಭಗಳು

ಮನೆಯವರು ಅಮೆರಿಕದಲ್ಲಿದ್ದಾರೆ. ಮನೇಲಿ ಯಾರೂ ವಾಸ ಇಲ್ಲ. ಏನಂತ ಕೇಳೋದು?

ಬಳಸದ ಅಡುಗೆಮನೆಯ ಬಗ್ಗೆ ಬಳಕೆಯ ಪ್ರಶ್ನೆ ಕೇಳಿ ಫಲವಿಲ್ಲ. ಅವರಿಗೆ ಅನುಭವಕ್ಕೆ ಬಂದಿರುವುದು ನಿಮ್ಮ ವ್ಯವಹಾರ: ಸಾಮಾನು ತಂದಾಗ ಫೋಟೋ ಕಳಿಸಿದಿರಾ, ವಿಡಿಯೋ ಕಾಲ್‌ನಲ್ಲಿ ತೋರಿಸಿದಿರಾ, ಲೆಕ್ಕ ಸರಿಯಾಗಿ ಕೊಟ್ಟಿರಾ. ಅದನ್ನೇ ಕೇಳಿ. ದೂರದಲ್ಲಿದ್ದು ಮನೆ ಮಾಡಿಸುವ ಇನ್ನೊಬ್ಬರಿಗೆ ಬೇಕಾಗಿರುವುದೂ ಆ ಮಾತೇ. ಕಿಚನ್ ಬಗ್ಗೆ ಅವರು ಊರಿಗೆ ಬಂದು ನಾಲ್ಕು ದಿನ ಅಡುಗೆ ಮಾಡಿದ ಮೇಲೆ ಕೇಳಿದರಾಯಿತು.

ಹೊತ್ತು ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದವರಿಗೆ ಬೇಸಿಗೆಯಲ್ಲಿ ನೀವು ಶನಿವಾರ ಬೆಳಗ್ಗೆ 8.30ಕ್ಕೆ ಕಳಿಸಿದರೆ ಅಲ್ಲಿ ಶುಕ್ರವಾರ ರಾತ್ರಿ 8. ಚಳಿಗಾಲದಲ್ಲಿ ಇಲ್ಲಿನ 9.30ಕ್ಕೆ ಅಲ್ಲಿನ ಅದೇ ಹೊತ್ತು. ನಮ್ಮ ಮಧ್ಯಾಹ್ನ ಅವರಿಗೆ ನಡುರಾತ್ರಿ.

ಮನೆ ಫೋಟೋ ಜೊತೆ ಅವರ ಮಾತು ಹಾಕಬೇಕು. ಮಾತಿಗೆ ಒಪ್ಪಿದ್ದಾರಲ್ಲ, ಫೋಟೋಗೂ ಅದೇ ಸಾಕಾ?

ಸಾಲದು, ಬೇರೆಯಾಗಿ ಕೇಳಿ. ಯಾವ ಫೋಟೋ ಎಂದು ತೋರಿಸಿಯೇ ಕೇಳಿ, ಎಲ್ಲೆಲ್ಲಿ ಹಾಕುತ್ತೀರಿ ಎಂದೂ ಹೇಳಿ. ದೇವರ ಮನೆ, ಗೋಡೆ ಮೇಲಿನ ಕುಟುಂಬದ ಚಿತ್ರ, ಮುಂಬಾಗಿಲ ಬೀಗ, ಕಿಟಕಿಯಾಚೆ ಗುರುತು ಹಿಡಿಯಬಹುದಾದ ಕಟ್ಟಡ ಚೌಕಟ್ಟಿನಲ್ಲಿ ಬರದಂತೆ ನೋಡಿಕೊಳ್ಳಿ. ಹೆಸರಿನ ಜೊತೆ ಬಡಾವಣೆ ಸಾಕು, ಫ್ಲ್ಯಾಟ್ ನಂಬರ್ ಯಾವತ್ತೂ ಬೇಡ. ಮುಂದೆ ಎಂದಾದರೂ "ತೆಗೆದುಬಿಡಿ" ಎಂದರೆ ಕಾರಣ ಕೇಳದೆ ತೆಗೆಯಿರಿ.

ಎರಡು ಸ್ಟಾರ್ ಕೊಟ್ಟು "ಹೇಳಿದ ಟೈಮ್‌ಗೆ ಮುಗಿಸಲ್ಲ, ಸಿಂಕ್ ಕೆಳಗೆ ಲ್ಯಾಮಿನೇಟ್ ಎದ್ದಿದೆ" ಅಂತ ಬರೆದುಬಿಟ್ಟಿದ್ದಾರೆ. ಡಿಲೀಟ್ ಮಾಡಿಸೋದು ಹೇಗೆ?

ನಿಮಗೆ ಅಳಿಸಲು ಬರುವುದಿಲ್ಲ. ಬೈಗುಳ, ನಕಲಿ ಖಾತೆ, ನಿಮ್ಮ ಗ್ರಾಹಕರೇ ಅಲ್ಲದವರು ಬರೆದದ್ದು, ಇಂಥ ನಿಯಮ ಮೀರಿದ ರಿವ್ಯೂಗಳನ್ನು ಮಾತ್ರ ಗೂಗಲ್‌ಗೆ ವರದಿ ಮಾಡಬಹುದು. ನಿಜವಾದ ಗ್ರಾಹಕರ ಬೇಸರ ಆ ಪಟ್ಟಿಯಲ್ಲಿ ಬರುವುದಿಲ್ಲ.

ಮೊದಲು ಫೋನ್ ಮಾಡಿ, ಹೋಗಿ ನೋಡಿ. ಸಿಂಕ್ ಕೆಳಗೆ ಲ್ಯಾಮಿನೇಟ್ ಏಳಲು ಸಾಮಾನ್ಯವಾಗಿ ನೀರೇ ಕಾರಣ: ವೇಸ್ಟ್ ಪೈಪಿನ ಜೋಡಣೆ ಸೋರುತ್ತಿರುತ್ತದೆ, ಇಲ್ಲವೇ ಪ್ಲೈವುಡ್ಡಿನ ಕತ್ತರಿಸಿದ ಅಂಚಿಗೆ ಎಡ್ಜ್ ಬ್ಯಾಂಡ್ ಸರಿಯಾಗಿ ಹಿಡಿದಿರುವುದಿಲ್ಲ. ಸೋರಿಕೆ ನಿಲ್ಲಿಸದೆ ಲ್ಯಾಮಿನೇಟ್ ಮಾತ್ರ ಅಂಟಿಸಿದರೆ ಮತ್ತೆ ಏಳುತ್ತದೆ, ಆಗ ಇನ್ನೊಂದು ಸ್ಟಾರ್ ಹೋಗುತ್ತದೆ.

ಆಮೇಲೆ ರಿವ್ಯೂ ಕೆಳಗೆ ಚಿಕ್ಕದಾಗಿ ಉತ್ತರ ಬರೆಯಿರಿ:

> ನಮಸ್ಕಾರ ಸರ್. ಕೆಲಸ ತಡವಾಗಿದ್ದು ನಿಜ, ಕ್ಷಮಿಸಿ. ಸಿಂಕ್ ಕೆಳಗಿನ ಪೈಪ್ ಜಾಯಿಂಟ್ ಸೋರಿಕೆ ನಿಲ್ಲಿಸಿ ಆ ಪ್ಯಾನೆಲ್ ಬದಲಿಸಿದ್ದೇವೆ. ಮತ್ತೆ ತೇವ ಕಂಡರೆ ಇದೇ ನಂಬರಿಗೆ ಹೇಳಿ.

ಯಾಕೆ ತಡವಾಯಿತು ಎಂಬ ವಾದ, ಎಷ್ಟು ಹಣ ಬಾಕಿ ಎಂಬ ಲೆಕ್ಕ ಅಲ್ಲಿ ಬೇಡ. ಅದನ್ನು ಓದುವವರು ಮುಂದಿನ ಗ್ರಾಹಕರು, ಏನಾದರೂ ಕೆಟ್ಟರೆ ನೀವು ಬರುತ್ತೀರಾ ಎಂದಷ್ಟೇ ಅವರು ನೋಡುವುದು. ರಿಪೇರಿಯಾದ ಮೇಲೆ ಅವರಾಗಿಯೇ ಸ್ಟಾರ್ ಬದಲಿಸಿದರೆ ಸಂತೋಷ. "ಬದಲಿಸಿ" ಎಂದು ಕೇಳಬೇಡಿ. "ಈಗ ಸರಿಯಿದೆಯಾ ಸರ್?" ಎಂದು ಹದಿನೈದು ದಿನ ಬಿಟ್ಟು ವಿಚಾರಿಸಿ, ಲ್ಯಾಮಿನೇಟ್ ಬಗ್ಗೆ ಮಾತ್ರ.